6 ಮತ್ತು 8ರ ನಡುವೆ ಎಷ್ಟು ಚುಕ್ಕಿ? ಏಳು ಸಾಲಿನ ಸ್ಕೋರ್‌ಬೋರ್ಡ್ ಅಂಕಿಗಳನ್ನು ನಾನು ರೂಪಿಸಿದ ಬಗೆ

ಅಡ್ಡಕ್ಕೆ 5, ಉದ್ದಕ್ಕೆ 7, ಒಟ್ಟು 35 ಚುಕ್ಕಿ. ಚಿಕ್ಕ ಎಲ್‌ಇಡಿ ಸ್ಕೋರ್‌ಬೋರ್ಡಿನ ಒಂದು ಅಂಕಿಗೆ ಸಿಗುವ ಜಾಗ ಇಷ್ಟೇ. ಇಷ್ಟರಲ್ಲಿ ಹತ್ತು ಅಂಕಿಗಳನ್ನು ಬರೆಯುವುದು ಕಷ್ಟವಲ್ಲ. ಆಟದ ಅಂಗಳದ ಆಚೆ ಬದಿಯಲ್ಲಿ ಕುಳಿತವರಿಗೆ ರಾತ್ರಿ ಹೊತ್ತಿನಲ್ಲಿ 68 ಎಂಬುದು 88 ಆಗಿ ಕಾಣದಂತೆ ಬರೆಯುವುದು ಕಷ್ಟ. ನಾನು ಪಿ10 ಪ್ಯಾನಲ್‌ಗಳಿಗಾಗಿ ಅಂಕಿಗಳನ್ನು ಸಿದ್ಧಪಡಿಸುವಾಗ ಹೆಚ್ಚು ಸಮಯ ಹಿಡಿದದ್ದು ಈ ಒಂದೇ ಕೆಲಸಕ್ಕೆ.

ಪಿ10 ಎಂದರೆ ಚುಕ್ಕಿಯಿಂದ ಚುಕ್ಕಿಗೆ 10 ಮಿಲಿಮೀಟರ್ ಅಂತರವಿರುವ ಪ್ಯಾನಲ್. ಒಂದೊಂದರಲ್ಲಿ 32 ಅಡ್ಡ, 16 ಉದ್ದ ಚುಕ್ಕಿಗಳಿರುತ್ತವೆ. ಸಾಮಾನ್ಯ ದೃಷ್ಟಿಯ ಕಣ್ಣು ಸುಮಾರು ಒಂದು ಆರ್ಕ್‌ಮಿನಿಟ್ ಕೋನದಷ್ಟು, ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಸಣ್ಣ ವಿವರವನ್ನು ಬಿಡಿಸಿ ನೋಡಬಲ್ಲದು. 10 ಮಿಲಿಮೀಟರ್ ಅಗಲದ ಕಂಡಿಯೊಂದು 34 ಮೀಟರ್ ದೂರದಲ್ಲಿ ಈ ಮಿತಿಗೆ ಬಂದು ನಿಲ್ಲುತ್ತದೆ. ಕಂಡಿಯನ್ನು ಎರಡು ಚುಕ್ಕಿಯಷ್ಟು ಮಾಡಿದರೆ ದೂರವೂ ಇಮ್ಮಡಿಯಾಗುತ್ತದೆ. ಇದು ಲೆಕ್ಕದ ಮಾತು. ಕತ್ತಲಲ್ಲಿ ಪ್ರಖರವಾದ ಎಲ್‌ಇಡಿಯ ಬೆಳಕು ಕಣ್ಣಿನೊಳಗೆ ತನ್ನ ಗಡಿ ದಾಟಿ ಹರಡುವುದರಿಂದ ಕಂಡಿಗಳು ಇನ್ನೂ ಬೇಗ ಮುಚ್ಚಿಹೋಗುತ್ತವೆ. ಹಾಗಾಗಿ ನಾನು ಉರಿಯುವ ಚುಕ್ಕಿಗಳಿಗಿಂತ ಆರಿರುವ ಚುಕ್ಕಿಗಳ ಮೇಲೆಯೇ ಹೆಚ್ಚು ಕಣ್ಣಿಡುತ್ತೇನೆ.

ಕಾಗದದ ಮೇಲೆ ಮೊದಲಿಗೆ ಕೈಗೆ ಬರುವ 6 ಎಡಗಡೆಯದು. ಮೇಲೊಂದು ದುಂಡು ತಲೆ, ಕೆಳಗೊಂದು ಹೊಟ್ಟೆ. ನಡುವಿನದು 8. ಬಲಗಡೆಯದು ನಾನು ಕೊನೆಗೆ ಉಳಿಸಿಕೊಂಡ 6.

```
.###.   .###.   ..##.
#...#   #...#   .#...
#....   #...#   #....
####.   .###.   ####.
#...#   #...#   #...#
#...#   #...#   #...#
.###.   .###.   .###.
```

ಮೊದಲನೆಯ 6ನ್ನು 8ರ ಮೇಲಿಟ್ಟು ನೋಡಿ. ಎರಡಕ್ಕೂ ವ್ಯತ್ಯಾಸ ಎರಡೇ ಚುಕ್ಕಿ: ಮೂರನೇ ಸಾಲಿನ ಬಲತುದಿ, ನಾಲ್ಕನೇ ಸಾಲಿನ ಎಡತುದಿ. ಆ ಬಲತುದಿಯ ಕಂಡಿಯ ಎತ್ತರ ಒಂದೇ ಚುಕ್ಕಿ. ಅದರ ನೆತ್ತಿಯ ಮೇಲೊಂದು ಎಲ್‌ಇಡಿ ಉರಿಯುತ್ತದೆ, ಓರೆಯಾಗಿ ಕೆಳಗೆ ಇನ್ನೊಂದು ಉರಿಯುತ್ತದೆ. ಎರಡೂ ಕಡೆಯಿಂದ ಬೆಳಕು ಚೆಲ್ಲಿದಾಗ ಅದು ಕಂಡಿಯಾಗಿ ಉಳಿಯುವುದಿಲ್ಲ. ಬಲಗಡೆಯ 6ರಲ್ಲಿ ತಲೆಯ ಕೊಂಡಿಯನ್ನು ತೆಗೆದು, ಬೆನ್ನನ್ನು ಓರೆಯಾಗಿ ಮೇಲಕ್ಕೆ ಎಳೆದಿದ್ದೇನೆ. ಈಗ ಎರಡನೇ ಸಾಲಿನಲ್ಲಿ ಮೂರು, ಮೂರನೇ ಸಾಲಿನಲ್ಲಿ ನಾಲ್ಕು ಚುಕ್ಕಿಗಳು ಒಂದಕ್ಕೊಂದು ಹೊಂದಿಕೊಂಡು ಕತ್ತಲಾಗಿವೆ. ಕಂಡಿಯ ಎತ್ತರ ಎರಡು ಚುಕ್ಕಿಯಾಯಿತು. ಇದು ನನ್ನ ಆವಿಷ್ಕಾರವೇನಲ್ಲ. ಹಳೆಯ ಡಾಟ್ ಮ್ಯಾಟ್ರಿಕ್ಸ್ ಫಾಂಟ್‌ಗಳಲ್ಲಿ ಈ ಓರೆಬೆನ್ನಿನ 6 ಮೊದಲಿನಿಂದಲೂ ಇದೆ. ಇದನ್ನೇ ತಲೆಕೆಳಗಾಗಿ ತಿರುಗಿಸಿದರೆ 9 ಸಿಗುತ್ತದೆ.

ಕಣ್ಣಳತೆಯನ್ನೇ ನಂಬಿ ಕೂರಬಾರದೆಂದು ಪ್ರತಿ ಜೋಡಿಯ ವ್ಯತ್ಯಾಸವನ್ನು ಎಣಿಸುವ ಪುಟ್ಟ ಪ್ರೋಗ್ರಾಂ ಬರೆದುಕೊಂಡೆ. ಪ್ರತಿ ಕಾಲಮ್‌ಗೆ ಒಂದು ಬೈಟ್. ಮೇಲಿನ ಚುಕ್ಕಿಯೇ ಮೊದಲ ಬಿಟ್.

```
six   = [0x3C, 0x4A, 0x49, 0x49, 0x30]
eight = [0x36, 0x49, 0x49, 0x49, 0x36]
print(sum(bin(a ^ b).count("1") for a, b in zip(six, eight)))
```

ಉತ್ತರ 6. ಎರಡರಿಂದ ಆರಕ್ಕೆ ಏರಿತು. 8 ಮತ್ತು 9ರ ನಡುವೆಯೂ ಅಷ್ಟೇ.

ಹತ್ತು ಅಂಕಿಗಳ ಎಲ್ಲ ಜೋಡಿಗಳನ್ನೂ ಹೀಗೆ ಎಣಿಸಿದಾಗ 3ರ ಸಮಸ್ಯೆ ಎದ್ದು ಕಂಡಿತು. ದುಂಡು ತಲೆಯ 3 ನೋಡಲು ಚೆಂದ, ಆದರೆ 8ರಿಂದ ಅದಕ್ಕಿರುವ ಅಂತರ ಮೂರೇ ಚುಕ್ಕಿ. ತಲೆಯನ್ನು ಚಪ್ಪಟೆ ಮಾಡಿ, ಅಲ್ಲಿಂದ ಒಳಕ್ಕೆ ಓರೆಗೆರೆ ಇಳಿಸಿದರೆ ಅಂತರ 11ಕ್ಕೆ ಏರುತ್ತದೆ:

```
#####
...#.
..#..
...#.
....#
#...#
.###.
```

ಇದಕ್ಕೆ ಬೆಲೆ ತೆರಬೇಕು. ಚಪ್ಪಟೆ ತಲೆ 5ಕ್ಕೂ ಇರುವುದರಿಂದ 3 ಮತ್ತು 5ರ ಅಂತರ 11ರಿಂದ 7ಕ್ಕೆ ಇಳಿಯುತ್ತದೆ. ಆದರೂ ನಾನು ಚಪ್ಪಟೆ 3ನ್ನೇ ಆರಿಸಿದೆ. ಇಲ್ಲಿ ನೋಡಬೇಕಾದದ್ದು ಸರಾಸರಿಯನ್ನಲ್ಲ, 3 ಸೇರಿರುವ ಜೋಡಿಗಳಲ್ಲಿ ಅತಿ ದುರ್ಬಲವಾದದ್ದರ ಅಂತರವನ್ನು. ಅದು 3ರಿಂದ 7ಕ್ಕೆ ಏರಿದ್ದು ನನಗೆ ಮುಖ್ಯ.

ಉಳಿದ ಅಂಕಿಗಳು ತಕರಾರಿಲ್ಲದೆ ಕೂತವು. 1ಕ್ಕೆ ಮೂರೇ ಕಾಲಮ್ ಸಾಕಾದರೂ ಐದು ಕಾಲಮ್‌ಗಳ ಜಾಗವನ್ನು ಪೂರ್ತಿ ಕೊಡಲೇಬೇಕು. ಇಲ್ಲದಿದ್ದರೆ ಗಡಿಯಾರ ಓಡುವಾಗ ಪಕ್ಕದ ಅಂಕಿಗಳು ಅತ್ತಿತ್ತ ಜಿಗಿಯುತ್ತವೆ.

ಕೊನೆಗೆ ಉಳಿದದ್ದು 0 ಮತ್ತು 8. ನನ್ನ 0 ಒಳಗೆ ಓರೆಗೆರೆ ಇಲ್ಲದ ಖಾಲಿ ಸೊನ್ನೆ. ಓರೆಗೆರೆ ಹಾಕಿದರೆ ದೂರಕ್ಕೆ ಅದೇ 8ರಂತೆ ಕಾಣುತ್ತದೆ, ಮತ್ತು ಸ್ಕೋರ್‌ನಲ್ಲಿ ಇಂಗ್ಲಿಷ್ ಓ ಅಕ್ಷರದ ಗೊಂದಲವೂ ಇರುವುದಿಲ್ಲ. ಈ 0ಗೂ 8ಕ್ಕೂ ಐದು ಚುಕ್ಕಿಗಳ ಅಂತರವಿದೆ, ಆದರೆ ಐದೂ ಇರುವುದು ನಡುವಿನ ಸಾಲೊಂದರಲ್ಲೇ. ಹೊರಾಂಗಣದ ಪಿ10 ಪ್ಯಾನಲ್‌ಗಳು ಸಾಮಾನ್ಯವಾಗಿ ನಾಲ್ಕರಲ್ಲೊಂದು ಸ್ಕ್ಯಾನ್ ಮಾದರಿಯವು. 1, 5, 9, 13ನೇ ಸಾಲುಗಳು ಒಟ್ಟಿಗೆ ಉರಿಯುತ್ತವೆ, ಆಮೇಲೆ 2, 6, 10, 14, ಹೀಗೆ ಸರದಿಯಂತೆ. ಒಂದು ಸರದಿ ಕೆಟ್ಟರೆ ಪ್ರತಿ ನಾಲ್ಕನೇ ಸಾಲು ಕತ್ತಲಾಗುತ್ತದೆ. ಏಳು ಸಾಲಿನ ಅಂಕಿಯ ನಡುಸಾಲಿನ ಜೊತೆ ಉರಿಯುವ ಸಾಲುಗಳು ಅದರಿಂದ ನಾಲ್ಕು ಮೇಲೆ ಮತ್ತು ನಾಲ್ಕು ಕೆಳಗೆ ಇರುತ್ತವೆ, ಅಂದರೆ ಅಂಕಿಯ ಹೊರಗೆ. ಆದ್ದರಿಂದ ಆ ಸರದಿ ಕೆಟ್ಟಾಗ ಅಂಕಿಯಲ್ಲಿ ಮಾಯವಾಗುವುದು ನಡುಸಾಲು ಮಾತ್ರ. 8 ಹೋಗಿ ಸೊನ್ನೆಯಾಗುತ್ತದೆ. ನಡುವೆ ಬಿಟ್ಟುಹೋದ ಒಂದು ಚುಕ್ಕಿಯ ಸಂದು ದೂರದವರಿಗೆ ಗೊತ್ತಾಗುವುದೂ ಇಲ್ಲ.

ಇದನ್ನು ಫಾಂಟ್‌ನಲ್ಲೇ ಪರಿಹರಿಸಲು ಸೊಂಟ ಹಿಂಡಿದ 8 ಒಂದನ್ನು ಬರೆದು ನೋಡಿದೆ. ಮೂರು ಮತ್ತು ಐದನೇ ಸಾಲುಗಳಲ್ಲಿ ಗೆರೆ ಒಳಕ್ಕೆ ಬಂದು, ನಾಲ್ಕನೇ ಸಾಲಿನಲ್ಲಿ ಒಂದೇ ಚುಕ್ಕಿಯಲ್ಲಿ ಕೂಡುತ್ತದೆ. ಎಣಿಕೆಯಲ್ಲಿ ಅದೇ ಗೆದ್ದಿತು: 0ಯಿಂದ 11, 6ರಿಂದ 14. ಪ್ಯಾನಲ್ ಮೇಲೆ ಹಾಕಿ ಕತ್ತಲಲ್ಲಿ ಹಿಂದೆ ಸರಿಯುತ್ತಾ ಹೋದಾಗ ಅದು ಸೋತಿತು. ಮೇಲಿನ ಮತ್ತು ಕೆಳಗಿನ ಹೊಟ್ಟೆಗಳೊಳಗೆ ನಾಲ್ಕು ನಾಲ್ಕೇ ಕತ್ತಲ ಚುಕ್ಕಿ ಉಳಿದಿದ್ದವು. ಬೆಳಕು ಅವುಗಳನ್ನು ತುಂಬಿಬಿಟ್ಟಿತು. ಕಂಡದ್ದು ಅಂಕಿಯಲ್ಲ, ಬೆಳಕಿನ ಮುದ್ದೆ. ಎರಡು ಅಂಕಿಗಳು ಎಷ್ಟು ಚುಕ್ಕಿ ಬೇರೆ ಎಂಬುದನ್ನಷ್ಟೇ ಪ್ರೋಗ್ರಾಂ ಹೇಳುತ್ತದೆ, ಆ ಚುಕ್ಕಿಗಳು ಎಲ್ಲಿವೆ, ಅವುಗಳ ಸುತ್ತ ಏನು ಉರಿಯುತ್ತಿದೆ ಎಂಬುದನ್ನಲ್ಲ. ಅದಕ್ಕೇ ಪ್ರತಿ ಬದಲಾವಣೆಯ ನಂತರವೂ ಯಾದೃಚ್ಛಿಕ ಅಂಕಿಗಳನ್ನು ತೋರಿಸಿ, ದೂರ ನಿಂತ ಬೇರೊಬ್ಬರಿಂದ ಓದಿಸಿ, ತಪ್ಪಿದ ಜೋಡಿಗಳನ್ನು ಬರೆದಿಟ್ಟುಕೊಳ್ಳುತ್ತೇನೆ. ಬರೆದವರ ಕಣ್ಣು ಉತ್ತರವನ್ನು ಮೊದಲೇ ಬಲ್ಲದು, ಅದನ್ನು ಈ ಪರೀಕ್ಷೆಗೆ ಕೂರಿಸಬಾರದು.

ಹೀಗಾಗಿ 8 ಹಳೆಯ ರೂಪದಲ್ಲೇ ಉಳಿಯಿತು. ಕೆಟ್ಟ ಸಾಲನ್ನು ಹಿಡಿಯುವ ಹೊಣೆಯನ್ನು ಫಾಂಟ್‌ನಿಂದ ತೆಗೆದು ನಿಯಂತ್ರಕಕ್ಕೆ ವಹಿಸಿದೆ: ಬೋರ್ಡ್ ಚಾಲೂ ಆದೊಡನೆ ಎಲ್ಲ ಚುಕ್ಕಿಗಳೂ ಕೆಲವು ಸೆಕೆಂಡು ಒಟ್ಟಿಗೆ ಉರಿಯುತ್ತವೆ, ಸತ್ತ ಸಾಲಿದ್ದರೆ ಕಪ್ಪು ಪಟ್ಟಿಯಾಗಿ ಕಾಣುತ್ತದೆ. ಕತ್ತಲಾದ ಮೇಲೆ ಬೆಳಕಿನ ಪ್ರಮಾಣವನ್ನು ತಗ್ಗಿಸುವ ವ್ಯವಸ್ಥೆಯನ್ನೂ ಸೇರಿಸಿದೆ. 6ರ ಕಂಡಿ ತೆರೆದಿರಲು ಅದರಿಂದ ಸಿಕ್ಕಿದ ನೆರವು ದೊಡ್ಡದು. ಇದಕ್ಕಿಂತ ದೂರದವರು ಓದಬೇಕೆಂದಾದರೆ ಏಳು ಸಾಲಿನಲ್ಲಿ ಇನ್ನು ಮಾಡಲು ಏನೂ ಉಳಿದಿಲ್ಲ. ಪ್ಯಾನಲ್‌ನ 16 ಸಾಲುಗಳನ್ನೂ ಬಳಸಿ, ಎರಡು ಚುಕ್ಕಿ ದಪ್ಪದ ಗೆರೆಗಳಲ್ಲಿ ಅಂಕಿಗಳನ್ನು ಹೊಸದಾಗಿಯೇ ಬರೆಯಬೇಕು.