ಕ್ಯಾಂಪಸ್‌ಗೆ ಕಂಪನಿ ಬರದಿದ್ರೆ ಕಂಪನಿ ಬಾಗಿಲಿಗೆ ನಾವೇ ಹೋಗೋದು ಹೇಗೆ

ಹೋದ ಹುತ್ತರಿಗೆ ಊರಿಗೆ ಹೋಗಿದ್ದಾಗ ಅಕ್ಕನ ಮಗಳು ಒಂದು ಮಾತು ಕೇಳಿದ್ಲು. ವಿರಾಜಪೇಟೆ ಕಡೆ ಒಂದು ಕಾಲೇಜಲ್ಲಿ ಬಿಸಿಎ ಕೊನೇ ವರ್ಷ ಓದ್ತಿದ್ದಾಳೆ. "ಚಿಕ್ಕಮ್ಮ, ನಮ್ ಕಾಲೇಜಿಗೆ ಹೋದ ವರ್ಷ ಬಂದಿದ್ದು ಒಂದೇ ಕಂಪನಿ, ಅದೂ ಮನೆಮನೆಗೆ ಹೋಗಿ ಪಾಲಿಸಿ ಮಾರೋ ಕೆಲಸಕ್ಕೆ. ಬೆಂಗಳೂರಲ್ಲಿ ಓದಿದ್ರೆ ಮಾತ್ರ ಐಟಿ ಕೆಲಸ ಸಿಗೋದಾ?" ಅಂತ. ಆವತ್ತು ಸಂಜೆ ಅವಳ ಮಾರ್ಕ್ಸ್ ಕಾರ್ಡೆಲ್ಲ ಮುಂದೆ ಇಟ್ಕೊಂಡು ನಾವಿಬ್ರು ಏನು ಮಾಡಿದ್ವೋ ಅದನ್ನೇ ಇಲ್ಲಿ ಬರೀತಿದ್ದೀನಿ, ಯಾಕಂದ್ರೆ ಇದೇ ಪ್ರಶ್ನೆ ಸೋಮವಾರಪೇಟೆಯಿಂದ ಗೋಣಿಕೊಪ್ಪದ ತನಕ ಎಷ್ಟೋ ಮನೇಲಿದೆ.

ಟಿಸಿಎಸ್, ವಿಪ್ರೋ ಥರದ ದೊಡ್ಡ ಸರ್ವಿಸ್ ಕಂಪನಿಗಳು ಕಾಲೇಜಿಗೆ ಹೋಗಿ ಆರಿಸ್ಕೊಳ್ಳೋದು ಒಂದು ದಾರಿ, ಅದರ ಜೊತೆಗೆ ತಮ್ಮದೇ ವೆಬ್‌ಸೈಟಲ್ಲಿ ಯಾರು ಬೇಕಾದ್ರೂ ರಿಜಿಸ್ಟರ್ ಮಾಡ್ಕೊಂಡು ಟೆಸ್ಟ್ ಬರೆಯೋ ಹಾಗೆ ಇನ್ನೊಂದು ದಾರಿ ಇಟ್ಟಿರ್ತಾರೆ. ಆ ಫಾರಂನಲ್ಲೂ ಕಾಲೇಜಿನ ಹೆಸರು ಕೇಳ್ತಾರೆ, ಆದ್ರೆ ಮೊದಲ ಜರಡಿ ಹಿಡಿಯೋದು ಮಾರ್ಕ್ಸ್ ಮತ್ತೆ ಪಾಸಾಗೋ ವರ್ಷದ ಮೇಲೆ. ಈ ಪಾಸಾಗೋ ವರ್ಷ ಅನ್ನೋದೇ ನಮ್ಮ ಹುಡುಗರಿಗೆ ಗೊತ್ತಾಗದೆ ಹೋಗೋ ವಿಷಯ. ನೋಟಿಸಲ್ಲಿ ಇಂಥ ವರ್ಷ ಡಿಗ್ರಿ ಮುಗಿಸೋರು ಮಾತ್ರ ಅಂತ ಬರೆದಿರತ್ತೆ. ದೊಡ್ಡ ಕಾಲೇಜಿನೋರಿಗೆ ಪ್ಲೇಸ್‌ಮೆಂಟ್ ಆಫೀಸರ್ ಐದನೇ ಸೆಮಿಸ್ಟರಲ್ಲೇ ಹೇಳಿ ಫಾರಂ ತುಂಬಿಸ್ತಾರೆ, ನಮ್ಮೋರು ರಿಸಲ್ಟ್ ಬಂದು, ಮಾರ್ಕ್ಸ್ ಕಾರ್ಡ್ ಕೈಗೆ ಸಿಕ್ಕಿ, ಆಮೇಲೆ ಹುಡುಕೋಕೆ ಶುರು ಮಾಡ್ತಾರೆ, ಅಷ್ಟೊತ್ತಿಗೆ ಎಷ್ಟೋ ಕಡೆ ಅವರ ಬ್ಯಾಚಿನ ಬಾಗಿಲು ಹಾಕಿ ಮುಂದಿನ ಬ್ಯಾಚಿನದ್ದು ತೆಗೆದಾಗಿರತ್ತೆ. ಹಾಗಾಗಿ ಕೊನೇ ವರ್ಷ ಶುರುವಾದ ತಿಂಗಳಿಂದಲೇ ಕಂಪನಿಗಳ ಕರಿಯರ್ಸ್ ಪೇಜನ್ನ ವಾರಕ್ಕೊಂದು ಸಲ ನೋಡಿ. ಟೆಲಿಗ್ರಾಂ ಗ್ರೂಪಲ್ಲಿ ಬಂದ ಲಿಂಕಿಂದ ಸುದ್ದಿ ತಿಳ್ಕೊಳ್ಳಿ, ಅರ್ಜಿ ಮಾತ್ರ ಕಂಪನಿ ಸೈಟಿಗೇ ಹೋಗಿ ಹಾಕಿ.

ಮೊದಲು ಲೆಕ್ಕ ಹಾಕಿ

ಅಕ್ಕನ ಮಗಳಿಗೆ ಎಸ್‌ಎಸ್‌ಎಲ್‌ಸಿಲಿ 625ಕ್ಕೆ 446, ಅಂದ್ರೆ 71.36 ಪರ್ಸೆಂಟ್. ಪಿಯುಸಿಲಿ 600ಕ್ಕೆ 378, ಅದು 63. ಬಿಸಿಎಯಲ್ಲಿ ಇಲ್ಲಿ ತನಕ ಸಿಜಿಪಿಎ 6.8, ನಾಲ್ಕನೇ ಸೆಮಿಸ್ಟರಲ್ಲಿ ಒಂದು ಪೇಪರ್ ಬಾಕಿ. ಇದಿಷ್ಟನ್ನ ಒಂದು ಹಾಳೇಲಿ ಬರೆದು ಪಕ್ಕದಲ್ಲಿ ಕಂಪನಿ ನೋಟಿಸ್ ಇಟ್ಕೊಂಡು ಓದಬೇಕು.

ಟಿಸಿಎಸ್‌ನ ಎಷ್ಟೋ ನೋಟಿಸಲ್ಲಿ ಹತ್ತನೇ ಕ್ಲಾಸು, ಪಿಯುಸಿ, ಡಿಗ್ರಿ ಮೂರರಲ್ಲೂ 60 ಪರ್ಸೆಂಟ್ ಅಥವಾ 6 ಸಿಜಿಪಿಎ ಕೇಳ್ತಾರೆ, ಕೆಲವದ್ರಲ್ಲಿ ಇದಕ್ಕಿಂತ ಕಡಿಮೆಯೂ ಇರತ್ತೆ, ಬ್ಯಾಕ್‌ಲಾಗ್ ಒಂದೇ ಒಂದಿದ್ರೆ ಟೆಸ್ಟ್ ಬರೆಯೋಕೆ ಬಿಡ್ತಾರೆ, ಆದ್ರೆ ಕೋರ್ಸ್ ಮುಗಿಯೋ ಹೊತ್ತಿಗೆ ಅದು ಪಾಸಾಗಿರ್ಬೇಕು. ನಮ್ಮ ಹುಡುಗಿ ಇಲ್ಲಿ ಒಳಗೆ ಬಂದ್ಲು. ಎರಡು ಪೇಪರ್ ಬಾಕಿ ಇದ್ದಿದ್ರೆ ಒಂದನ್ನ ಮುಗಿಸೋ ತನಕ ಕಾಯಬೇಕಿತ್ತು.

ಪಿಯುಸಿಲಿ 360ರ ಕೆಳಗೆ ಬಂದೋರು ಏನು ಮಾಡೋದು? ನಮ್ಮ ಊರಲ್ಲೇ ಒಬ್ಬ ಹುಡುಗ 357 ತಗೊಂಡಿದ್ದ, ಅಂದ್ರೆ 59.5, ಅದನ್ನ 60 ಅಂತ ಹಾಕ್ಬಿಟ್ಟ. ಟೆಸ್ಟೂ ಆಯ್ತು ಇಂಟರ್‌ವ್ಯೂನೂ ಆಯ್ತು, ಕೊನೇಲಿ ದಾಖಲೆ ಪರಿಶೀಲನೆ ಮಾಡುವಾಗ ಮಾರ್ಕ್ಸ್ ಕಾರ್ಡ್ ನೋಡಿ ಆಫರ್ ಕ್ಯಾನ್ಸಲ್ ಮಾಡಿದ್ರು. ಆ ಮನೇಲಿ ಆವತ್ತು ಯಾರೂ ಊಟ ಮಾಡ್ಲಿಲ್ಲ. ದಯವಿಟ್ಟು ಅರ್ಧ ಪರ್ಸೆಂಟನ್ನೂ ಮೇಲಕ್ಕೆ ತಳ್ಳಬೇಡಿ. ಅದರ ಬದ್ಲು ಬೇರೆ ನಿಯಮ ಇರೋ ಬಾಗಿಲು ಹುಡುಕಿ. ವಿಪ್ರೋದಲ್ಲಿ ಬಿಸಿಎ, ಬಿಎಸ್ಸಿ ಮಾಡಿದೋರಿಗೆ ಅಂತಲೇ ವಿಲ್ಪ್ ಅನ್ನೋ ಕಾರ್ಯಕ್ರಮ ಇದೆ, ಕೆಲಸ ಮಾಡ್ತಾ ಮಾಡ್ತಾನೇ ಕಂಪನಿ ಖರ್ಚಲ್ಲಿ ಎಂಟೆಕ್ ಓದಿಸ್ತಾರೆ. ಅದರ ನೋಟಿಸ್‌ಗಳಲ್ಲಿ ಹತ್ತನೇ ಕ್ಲಾಸು, ಪಿಯುಸಿ ಪಾಸಾಗಿದ್ರೆ ಸಾಕು, 60 ಪರ್ಸೆಂಟ್ ಬೇಕಾಗೋದು ಡಿಗ್ರಿಲಿ. ಆದ್ರೆ ಅಲ್ಲಿ ಇನ್ನೊಂದು ಮುಳ್ಳಿದೆ, ಡಿಗ್ರಿಲಿ ಗಣಿತ ಒಂದು ಪೇಪರಾಗಿ ಇರ್ಬೇಕು, ಬಿಸಿನೆಸ್ ಮ್ಯಾಥ್ಸ್ ಇದ್ರೆ ಲೆಕ್ಕಕ್ಕಿಲ್ಲ. ಜೊತೆಗೆ 60 ತಿಂಗಳ ಒಪ್ಪಂದ, ಅಂದ್ರೆ ಐದು ವರ್ಷ. ಮಧ್ಯದಲ್ಲಿ ಬಿಟ್ರೆ ದುಡ್ಡು ವಾಪಸ್ ಕಟ್ಟಬೇಕಾಗತ್ತೆ, ಸೈನ್ ಮಾಡೋ ಮುಂಚೆ ಮನೇಲಿ ಕೂತು ಪೂರ್ತಿ ಓದಿ. ನನ್ನ ಕೇಳಿದ್ರೆ ಎಂಟೆಕ್ ನಿಜವಾಗ್ಲೂ ಬೇಕು ಅನ್ನೋರಿಗೆ ಇದು ಒಳ್ಳೇ ದಾರಿ, ಎರಡೇ ವರ್ಷಕ್ಕೆ ಕಂಪನಿ ಬದಲಾಯಿಸಬೇಕು ಅನ್ನೋರಿಗೆ ಅಲ್ಲ.

ನಿಯಮಗಳು ಬ್ಯಾಚಿಂದ ಬ್ಯಾಚಿಗೆ ಬದಲಾಗ್ತಾವೆ, ಸೀನಿಯರ್ ಹೇಳಿದ್ದನ್ನ ನಂಬೋ ಬದ್ಲು ಆ ವರ್ಷದ ನೋಟಿಸನ್ನೇ ಓದಿ.

ಫಾರಂ ತುಂಬೋದು, ಇಲ್ಲೇ ಜಾಸ್ತಿ ಜನ ಬೀಳೋದು

ಟಿಸಿಎಸ್‌ಗೆ ಹೋಗೋ ಬಾಗಿಲು nextstep.tcs.com. ಅಲ್ಲಿ ರಿಜಿಸ್ಟರ್ ಆಗುವಾಗ ಐಟಿ ಅಥವಾ ಬಿಪಿಎಸ್, ಅಂದ್ರೆ ಬೇರೆ ಕಂಪನಿಗಳ ಆಫೀಸ್ ಕೆಲಸ ನಡೆಸಿಕೊಡೋ ವಿಭಾಗ, ಎರಡರಲ್ಲಿ ಒಂದನ್ನ ಆರಿಸೋಕೆ ಹೇಳತ್ತೆ. ಬಿಸಿಎ, ಬಿಇ ಮಾಡಿ ಸಾಫ್ಟ್‌ವೇರ್ ಕೆಲಸ ಬೇಕು ಅನ್ನೋರು ಐಟಿ, ಬಿಕಾಂ, ಬಿಎ ಮಾಡಿದೋರಿಗೆ ಬಿಪಿಎಸ್. ಫಾರಂ ಸಬ್ಮಿಟ್ ಆದ್ಮೇಲೆ CT ಅಥವಾ DT ಇಂದ ಶುರುವಾಗೋ ಒಂದು ನಂಬರ್ ಸಿಗತ್ತೆ. ಜೋಪಾನವಾಗಿ ಬರೆದಿಟ್ಕೊಳ್ಳಿ. ಪಾಸ್‌ವರ್ಡ್ ಮರೆತೋಯ್ತು ಅಂತ ಇನ್ನೊಂದು ಹೊಸ ಅಕೌಂಟ್ ಮಾಡ್ಬೇಡಿ, ಒಬ್ಬರಿಗೆ ಎರಡು ನಂಬರ್ ಇದ್ರೆ ಅರ್ಜಿಗೇ ಕುತ್ತು.

ಈಗ ಅತೀ ಮುಖ್ಯವಾದದ್ದು. ಫಾರಂ ಸಬ್ಮಿಟ್ ಮಾಡಿದ್ರೆ ಅರ್ಜಿ ಹಾಕಿದ ಹಾಗಲ್ಲ! ಅದಾದ್ಮೇಲೆ `Apply for Drive` ಅನ್ನೋದನ್ನ ಒತ್ತಿ, ಟೆಸ್ಟ್ ಎಲ್ಲಿ ಬರೀತೀರಿ ಅಂತ ಆರಿಸಿ ಮುಗಿಸ್ಬೇಕು. ಆಮೇಲೆ `Track My Application` ನೋಡಿದ್ರೆ ಸ್ಟೇಟಸ್ `Applied for Drive` ಅಂತ ಕಾಣ್ಬೇಕು. `Application Received` ಅಂತ ಮಾತ್ರ ಇದ್ರೆ ನೀವು ಅಂಗಳದಲ್ಲೇ ನಿಂತಿದ್ದೀರಿ, ಹಾಲ್ ಟಿಕೆಟ್ ಬರಲ್ಲ. ಅಕ್ಕನ ಮಗಳು ಮೂರು ವಾರ ಮುಂಚೇನೇ ಫಾರಂ ತುಂಬಿ, ಕಂಪನಿಯೋರು ಕರೀತಾರೆ ಅಂತ ಸುಮ್ನೆ ಕಾಯ್ತಾ ಇದ್ಲು. ಸ್ಟೇಟಸ್ ನೋಡಿದ್ರೆ ಇದೇ ಕಥೆ. ಅವಳ ಕ್ಲಾಸಲ್ಲಿ ಇನ್ನೂ ನಾಲ್ಕು ಜನ ಹಾಗೇ ಕೂತಿದ್ರಂತೆ.

ನಮ್ಮ ಜಿಲ್ಲೆಯೋರಿಗೆ ಇನ್ನೆರಡು ತೊಡಕಿದೆ. ಒಂದು ಹೆಸರು. ಎಸ್‌ಎಸ್‌ಎಲ್‌ಸಿ ಕಾರ್ಡಲ್ಲಿ ಇನಿಶಿಯಲ್ ಇರತ್ತೆ, ಆಧಾರಲ್ಲಿ ಮನೆಹೆಸರು ಪೂರ್ತಿ ಇರತ್ತೆ, ಪ್ಯಾನ್ ಕಾರ್ಡಲ್ಲಿ ಮನೆಹೆಸರು ಹಿಂದೆ ಹೋಗಿರತ್ತೆ. ಟೆಸ್ಟ್ ಸೆಂಟರ್ ಗೇಟಲ್ಲಿ ಹಾಲ್ ಟಿಕೆಟ್ ಮತ್ತೆ ಐಡಿ ಹೋಲಿಸಿ ನೋಡ್ತಾರೆ, ಸೇರುವಾಗ ಎಲ್ಲಾ ದಾಖಲೆ ಒಟ್ಟಿಗೆ ನೋಡ್ತಾರೆ. ಐದನೇ ಸೆಮಿಸ್ಟರಲ್ಲೇ ಆಧಾರ್, ಪ್ಯಾನ್ ಎರಡರಲ್ಲೂ ಹೆಸರು ಎಸ್‌ಎಸ್‌ಎಲ್‌ಸಿ ಕಾರ್ಡಿಗೆ ಆದಷ್ಟು ಹೊಂದೋ ಹಾಗೆ ಸರಿಮಾಡಿಸ್ಕೊಂಡ್ರೆ ಆಮೇಲೆ ನೋಟರಿ ಹತ್ರ ಓಡೋದು ತಪ್ಪತ್ತೆ. ಇನ್ನೊಂದು ಯೂನಿವರ್ಸಿಟಿ. ನಮ್ಮ ಕಾಲೇಜುಗಳು ಮೊದಲು ಮಂಗಳೂರು ವಿವಿ ಕೆಳಗಿದ್ವು, 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಶುರುವಾಯ್ತು. ನಿಮ್ಮ ಮಾರ್ಕ್ಸ್ ಕಾರ್ಡಲ್ಲಿ ಯಾವ ವಿವಿ ಹೆಸರಿದೆಯೋ ಅದನ್ನೇ ಹಾಕಿ, ಪಟ್ಟೀಲಿ ಆ ಹೆಸರು ಸಿಗದಿದ್ರೆ ಇತರೆ ಆರಿಸಿ ಟೈಪ್ ಮಾಡಿ. ಅಣ್ಣನೋ ಅಕ್ಕನೋ ಬೇರೆ ವಿವಿ ಹಾಕಿದ್ರು ಅಂತ ನೀವೂ ಅದನ್ನೇ ಹಾಕ್ಬೇಡಿ.

ಕಾಲೇಜು ಕೊಟ್ಟ ಇಮೇಲ್ ಐಡಿ ಬೇಡ, ಪಾಸಾದ್ಮೇಲೆ ಅದು ಬಂದ್ ಆಗ್ಬಹುದು.

ಟೆಸ್ಟ್ ದಿನ

ಸೆಂಟರಲ್ಲಿ ಬರೆಯೋದೋ ಮನೇಲಿ ಬರೆಯೋದೋ ಅಂತ ಆಯ್ಕೆ ಇದ್ರೆ ನಾನಂತೂ ಸೆಂಟರ್ ಅಂತೀನಿ, ಅದರಲ್ಲೂ ಜೂನಿಂದ ಸೆಪ್ಟೆಂಬರ್ ತನಕ. ಮನೇಲಿ ಬರೆದ್ರೆ ಕ್ಯಾಮೆರಾ ಪೂರ್ತಿ ಹೊತ್ತು ಆನ್ ಇರತ್ತೆ, ಮರ ಬಿದ್ದು ಕರೆಂಟ್ ಹೋಯ್ತು ಅಂದ್ರೆ ಟವರೂ ಹೋಯ್ತು, ಟೆಸ್ಟೂ ಹೋಯ್ತು. ಮನೆಯಿಂದಲೇ ಬರೀಬೇಕು ಅಂತಾದ್ರೆ ಕುಶಾಲನಗರದಲ್ಲೋ ಮೈಸೂರಲ್ಲೋ ನೆಂಟರ ಮನೆಗೆ ಹಿಂದಿನ ದಿನವೇ ಹೋಗಿ. ಸೆಂಟರಿಗೆ ಊರು ಕೇಳಿದಾಗ ಮಳೆಗಾಲದಲ್ಲಿ ಮಂಗಳೂರಿಗಿಂತ ಮೈಸೂರು ಆರಿಸೋದು ವಾಸಿ. 2018ರ ಆಗಸ್ಟಲ್ಲಿ ಸಂಪಾಜೆ ಘಾಟಿ ಗತಿ ಏನಾಯ್ತು ಅಂತ ನಮಗೆ ಯಾರೂ ಹೇಳ್ಬೇಕಾಗಿಲ್ಲ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಬೆಳಗ್ಗೆ ಮೊದಲ ಬಸ್ಸಲ್ಲಿ ಹೋಗ್ತೀನಿ ಅಂತ ಧೈರ್ಯ ಮಾಡ್ಬೇಡಿ, ರಿಪೋರ್ಟಿಂಗ್ ಟೈಮ್ ದಾಟಿದ್ರೆ ಗೇಟ್ ತೆಗೆಯಲ್ಲ.

ಲೆಕ್ಕ, ಇಂಗ್ಲಿಷ್, ರೀಸನಿಂಗ್‌ಗೆ ಅಭ್ಯಾಸ ಹೇಗೆ ಅಂತ ಎಲ್ರಿಗೂ ಗೊತ್ತು, ಕೋಡಿಂಗ್ ಇರೋ ಟೆಸ್ಟಲ್ಲಿ ಆಗೋ ಒಂದು ತಪ್ಪು ಮಾತ್ರ ಹೇಳ್ತೀನಿ. ಕಾಲೇಜ್ ಲ್ಯಾಬಲ್ಲಿ ನಾವು ಹೀಗೆ ಬರೆದು ಅಭ್ಯಾಸ:

```python
n = int(input("Enter a number: "))
print("Square is", n * n)
```

ಟೆಸ್ಟಲ್ಲಿ ಇದನ್ನ ನೋಡೋದು ಮೇಷ್ಟ್ರಲ್ಲ, ಮಷೀನು. ಅದು 5 ಕೊಟ್ಟು 25 ಬರತ್ತಾ ಅಂತ ಅಕ್ಷರ ಅಕ್ಷರ ಹೋಲಿಸತ್ತೆ, ನಮ್ಮ ಪ್ರೋಗ್ರಾಂ ಇಷ್ಟುದ್ದ ವಾಕ್ಯ ಪ್ರಿಂಟ್ ಮಾಡಿದ್ರೆ ಉತ್ತರ ಸರಿ ಇದ್ರೂ ಸೊನ್ನೆ. ಹೀಗಿದ್ರೆ ಸಾಕು:

```python
n = int(input())
print(n * n)
```

ಅಕ್ಕನ ಮಗಳು ಮೊದಲ ಅಭ್ಯಾಸ ಟೆಸ್ಟಲ್ಲಿ ಎಲ್ಲಾ ಲಾಜಿಕ್ ಸರಿ ಬರೆದೂ ಮಷೀನು ಪರೀಕ್ಷಿಸೋ ಒಂದೂ ಟೆಸ್ಟ್ ಕೇಸ್ ಪಾಸಾಗದೆ ಅತ್ತಿದ್ದು ಇದೇ ಕಾರಣಕ್ಕೆ. ಕೋಡಲ್ಲಿದ್ದ ಆ ಹೆಚ್ಚಿನ ವಾಕ್ಯ ಅಳಿಸಿದ ತಕ್ಷಣ ಎಲ್ಲಾ ಕೇಸೂ ಹಸಿರಾಯ್ತು.

ಆಫರ್ ಬಂತು ಅಂತ ಮೇಲ್ ಬಂದಾಗ

ಮೊದಲು ಕಳಿಸಿದೋರ ಇಮೇಲಲ್ಲಿ @ ಆದ್ಮೇಲೆ ಏನಿದೆ ನೋಡಿ. ಕಂಪನಿಯ ಸ್ವಂತ ಡೊಮೇನ್ ಇರ್ಬೇಕು, ಜಿಮೇಲ್ ಇದ್ರೆ, ಅಥವಾ ಕಂಪನಿ ಹೆಸರಿಗೆ ಕರಿಯರ್ಸ್, ಜಾಬ್ಸ್ ಅಂತ ಬಾಲ ಅಂಟಿಸಿದ ಬೇರೆ ಡೊಮೇನ್ ಇದ್ರೆ ಅನುಮಾನ ಪಡಿ. ನಿಜವಾದ ಆಫರ್ ಆಗಿದ್ರೆ ನೀವು ಅರ್ಜಿ ಹಾಕಿದ ಪೋರ್ಟಲಲ್ಲೂ ಕಾಣ್ಬೇಕು. ಟೆಸ್ಟೇ ಬರೆಯದೆ ಆಫರ್ ಬಂದ್ರೆ, ಲ್ಯಾಪ್‌ಟಾಪ್ ಡೆಪಾಸಿಟ್, ಟ್ರೈನಿಂಗ್ ಫೀಸ್, ವೆರಿಫಿಕೇಶನ್ ಚಾರ್ಜ್ ಅಂತ ಯಾವ ಹೆಸರಲ್ಲಿ ದುಡ್ಡು ಕೇಳಿದ್ರೂ ಅದು ಮೋಸ. ಕಾಫಿ ಮಾರಿದ ದುಡ್ಡಲ್ಲಿ ಅಪ್ಪ ಕೊಟ್ಟಿದ್ದನ್ನ ಹೀಗೆ ಕಳ್ಕೊಂಡೋರನ್ನ ನೋಡಿದ್ದೀನಿ, ಹೊಟ್ಟೆ ಉರಿಯತ್ತೆ. ಕಟ್ಟಿಬಿಟ್ಟಿದ್ರೆ ನಾಚಿಕೆ ಪಟ್ಕೊಂಡು ಕೂರ್ಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ, cybercrime.gov.in ಅಲ್ಲಿ ದೂರು ಕೊಡಿ. ಎಷ್ಟು ಬೇಗ ಹೇಳ್ತೀರೋ ದುಡ್ಡು ತಡೆಹಿಡಿಯೋಕೆ ಅಷ್ಟು ಅವಕಾಶ.

ನಿಜವಾದ ಆಫರ್ ಲೆಟರ್ ಬಂದ್ರೂ ಸೇರೋ ದಿನ ಬೇರೆಯಾಗಿ ತಿಳಿಸ್ತಾರೆ, ಅದು ಕೆಲವು ಸಲ ತಿಂಗಳುಗಟ್ಟಲೆ ಮುಂದಕ್ಕೆ ಹೋಗತ್ತೆ. ಸೇರೋ ತಾರೀಖು ಕೈಗೆ ಬರೋ ತನಕ ಬೇರೆ ಕಂಪನಿಗಳ ಅರ್ಜಿ ನಿಲ್ಲಿಸ್ಬೇಡಿ. ನಮ್ಮ ಹುಡುಗಿ ಈಗ ಎರಡೂ ಕಡೆ ಅರ್ಜಿ ಹಾಕಿದ್ದಾಳೆ, ಒಂದರ ಸ್ಟೇಟಸ್ ಸರಿಯಾಗಿದೆ, ಇನ್ನೊಂದರಲ್ಲಿ ಗಣಿತದ ಪೇಪರಿನ ಹೆಸರು ನೋಡ್ಬೇಕು ಅಂತ ಮಾರ್ಕ್ಸ್ ಕಾರ್ಡ್ ಸ್ಕ್ಯಾನ್ ಮಾಡಿಸೋಕೆ ನಿನ್ನೆ ಗೋಣಿಕೊಪ್ಪಕ್ಕೆ ಹೋಗಿದ್ಲು. ಬಾಕಿ ಇರೋ ಆ ಒಂದು ಪೇಪರಿನ ಪರೀಕ್ಷೆ ಮುಂದಿನ ತಿಂಗಳು.