ಫೋಟೋದಲ್ಲಿ ಮಾಯವಾದ ಎರಡು ಚುಕ್ಕೆ: SF₄ ಆಕಾರ ಸರಿಪಡಿಸಿದ್ದು

ಪೆನ್ಸಿಲ್‌ನಲ್ಲಿ ಬರೆದ SF₄ ಅಣುವಿನ ಎಲೆಕ್ಟ್ರಾನ್ ಚುಕ್ಕೆ ಚಿತ್ರದ ಫೋಟೋ ನೋಡಿ ಆಕಾರ ಹೇಳಬೇಕಿತ್ತು. ಫೋಟೋದಲ್ಲಿ ಗಂಧಕದ ಸುತ್ತ ನಾಲ್ಕು ಬಂಧಗಳಷ್ಟೇ ಕಂಡಿದ್ದರಿಂದ SF₄ ಚತುರ್ಮುಖಿ, ಅಧ್ರುವೀಯ ಎಂದು ಉತ್ತರ ಬಂದಿತ್ತು. ಅದು ತಪ್ಪು. ಚಿತ್ರವನ್ನು ನಂಬುವ ಮೊದಲು ಎಲೆಕ್ಟ್ರಾನ್ ಎಣಿಸಬೇಕು.

ವೇಲೆನ್ಸ್ ಎಲೆಕ್ಟ್ರಾನುಗಳು 6 + 4×7 = 34. ಚಿತ್ರದಲ್ಲಿ ಬಂಧಗಳಿಗೆ 8, ಫ್ಲೋರಿನ್‌ಗಳ ಮೇಲೆ 24, ಒಟ್ಟು 32. ಉಳಿದ 2 ಗಂಧಕದ ಒಂಟಿ ಜೋಡಿ. ಅದನ್ನು ತೋರಿಸುವ ಎರಡು ಪೆನ್ಸಿಲ್ ಚುಕ್ಕೆಗಳು ಫೋಟೋದಲ್ಲಿ ಬೆಳಕಿನ ಪ್ರತಿಫಲನದಿಂದ ಅಳಿಸಿಹೋಗಿದ್ದವು.

ಈಗ ಗಂಧಕದ ಸುತ್ತ ನಾಲ್ಕು ಬಂಧ, ಒಂದು ಒಂಟಿ ಜೋಡಿ ಸೇರಿ ಐದು ಎಲೆಕ್ಟ್ರಾನ್ ಜೋಡಿಗಳು, ಅಂದರೆ ತ್ರಿಕೋನ ದ್ವಿಪಿರಮಿಡ್ ವಿನ್ಯಾಸ. ಒಂಟಿ ಜೋಡಿ ಅಕ್ಷದಲ್ಲಿ ಕೂತರೆ 90° ದೂರದಲ್ಲಿ ಮೂರು ಬಂಧಗಳ ವಿಕರ್ಷಣೆ, ಮಧ್ಯಸಮತಲದಲ್ಲಾದರೆ ಎರಡೇ. ಹಾಗಾಗಿ ಅದು ಸಮತಲದಲ್ಲೇ ನಿಲ್ಲುತ್ತದೆ. ಆಕಾರ ಏತಪಾತದಂತೆ, ಸಮತಲದ ಎರಡು ಬಂಧಗಳ ನಡುವಿನ ಕೋನ 120°ಯಿಂದ ಸುಮಾರು 102°ಗೆ ಕುಗ್ಗುತ್ತದೆ. ಆ ಎರಡರ ದ್ವಿಧ್ರುವಗಳು ರದ್ದಾಗುವುದಿಲ್ಲ, ಅಣು ಧ್ರುವೀಯ.

ಚುಕ್ಕೆ ಕಾಣೆಯಾದರೆಲ್ಲ ಧ್ರುವೀಯ ಅನ್ನಬೇಡಿ: XeF₄ನಲ್ಲಿ 4 ಎಲೆಕ್ಟ್ರಾನ್ ಉಳಿಯುತ್ತವೆ, ಎರಡು ಒಂಟಿ ಜೋಡಿಗಳು ಎದುರುಬದುರು ನಿಂತು ಅಣು ಚಪ್ಪಟೆ ಚೌಕ, ಅಧ್ರುವೀಯ.