ಮುಡಿ ಕೊಟ್ಟ ಮೇಲೆ ಕೂದಲು ದಪ್ಪವಾಯಿತೇ? ಲೇಸರ್ ಹಿಡಿದು ಅಳೆದ ಅನುಭವ

ಟೈಫಾಯಿಡ್ ಬಂದು ಹೋದ ಸುಮಾರು ಎರಡೂವರೆ ತಿಂಗಳಿಗೆ ನನ್ನ ಕೂದಲು ಹಿಡಿ ಹಿಡಿಯಾಗಿ ಉದುರತೊಡಗಿತು. ತಿರುಪತಿಗೆ ಹರಕೆ ಹೊತ್ತಿದ್ದ ನಮ್ಮ ಅತ್ತೆಯವರು, "ಹೇಗೂ ಉದುರುತ್ತಿದೆ, ಮುಡಿ ಕೊಟ್ಟುಬಿಡು, ಆಮೇಲೆ ದಪ್ಪವಾಗಿ ಹುಟ್ಟುತ್ತದೆ" ಎಂದರು. ಹರಕೆಯ ವಿಷಯದಲ್ಲಿ ನನ್ನ ತಕರಾರು ಇರಲಿಲ್ಲ. ದಪ್ಪವಾಗುವ ಮಾತನ್ನು ಮಾತ್ರ, ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳಾಗಿ, ಅಳೆದು ನೋಡದೆ ಬಿಡಲು ಮನಸ್ಸಾಗಲಿಲ್ಲ.

ಕೂದಲಿನ ದಪ್ಪ ಅಳೆಯಲು ದುಬಾರಿ ಉಪಕರಣ ಬೇಕಿಲ್ಲ. ರಟ್ಟಿನ ಚೌಕಟ್ಟಿಗೆ ಒಂದು ಕೂದಲನ್ನು ಬಿಗಿಯಾಗಿ ಅಂಟಿಸಿ, ಅದರ ಮೇಲೆ ಕೆಂಪು ಲೇಸರ್ ಹಾಯಿಸಿದರೆ ಎದುರಿನ ಗೋಡೆಯ ಮೇಲೆ ಬೆಳಕು ಮತ್ತು ಕತ್ತಲೆಯ ಪಟ್ಟಿಗಳು ಮೂಡುತ್ತವೆ. ಕೂದಲು ತೆಳುವಾದಷ್ಟೂ ಪಟ್ಟಿಗಳು ಅಗಲವಾಗುತ್ತವೆ. ನನ್ನ ಲೇಸರ್‌ನ ತರಂಗಾಂತರ 650 ನ್ಯಾನೋಮೀಟರ್, ಗೋಡೆ 2 ಮೀಟರ್ ದೂರ. ನಡುವಿನ ಪ್ರಕಾಶಮಾನ ಪಟ್ಟಿಯ ಎರಡೂ ಬದಿಯ ಮೊದಲ ಕತ್ತಲೆ ಗೆರೆಗಳ ನಡುವೆ 3.7 ಸೆಂಟಿಮೀಟರ್ ಅಂತರವಿತ್ತು. ತರಂಗಾಂತರವನ್ನು ದೂರದಿಂದ ಗುಣಿಸಿ, ಇಮ್ಮಡಿ ಮಾಡಿ, ಈ ಅಂತರದಿಂದ ಭಾಗಿಸಿದರೆ ಕೂದಲಿನ ದಪ್ಪ ಸುಮಾರು 0.07 ಮಿಲಿಮೀಟರ್ ಎಂದು ಸಿಗುತ್ತದೆ. (ಲೇಸರ್ ಕಣ್ಣಿಗೆ ಬೀಳದಂತೆ ಎಚ್ಚರ ವಹಿಸಬೇಕು, ಮಕ್ಕಳ ಕೈಗಂತೂ ಕೊಡಲೇಬಾರದು.)

ಈ ಅಳತೆಯಲ್ಲಿ ದಾರಿ ತಪ್ಪಿಸುವ ಸಂಗತಿಗಳು ಎರಡಿವೆ. ಕೂದಲಿನ ಅಡ್ಡಕೊಯ್ತ ಪೂರ್ಣ ವೃತ್ತವಲ್ಲದ್ದರಿಂದ ಅದೇ ಕೂದಲನ್ನು ಸ್ವಲ್ಪ ತಿರುಗಿಸಿದರೂ ಅಂಕಿ ಬದಲಾಗುತ್ತದೆ. ಒಂದೇ ತಲೆಯ ಕೂದಲುಗಳಲ್ಲೂ ದಪ್ಪದ ವ್ಯತ್ಯಾಸವಿರುತ್ತದೆ. ಹಾಗಾಗಿ ತಲೆಯ ಬೇರೆ ಬೇರೆ ಭಾಗಗಳಿಂದ ಹಲವು ಕೂದಲು ತೆಗೆದು ಸರಾಸರಿ ನೋಡಬೇಕು. ಎರಡನೆಯದು ಇನ್ನೂ ಮುಖ್ಯ. ನನ್ನ ಸೊಂಟದುದ್ದದ ಕೂದಲಿನ ತುದಿ ವರ್ಷಗಟ್ಟಲೆ ಬಿಸಿಲು, ಬಾಚಣಿಗೆ, ಶಾಂಪೂಗಳಿಗೆ ಸವೆದು 0.06 ಮಿಲಿಮೀಟರಿಗೆ ಇಳಿದಿತ್ತು, ಬುಡದ ಬಳಿ ಅದೇ ಕೂದಲು 0.07 ಇತ್ತು. ಹಳೆಯ ತುದಿಯನ್ನು ಹೊಸ ಕೂದಲಿನೊಂದಿಗೆ ಹೋಲಿಸಿದವರಿಗೆ ಬೋಳಿಸಿದ್ದರಿಂದಲೇ ದಪ್ಪವಾಯಿತು ಎಂಬ ಸುಳ್ಳು ಫಲಿತಾಂಶ ಖಂಡಿತ ಸಿಗುತ್ತದೆ. ಬುಡವನ್ನು ಬುಡದೊಂದಿಗೇ ಹೋಲಿಸಬೇಕು.

ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವುದರಿಂದ, ಚೌಕಟ್ಟಿಗೆ ಅಂಟಿಸುವಷ್ಟು ಉದ್ದವಾಗುವವರೆಗೆ ಕಾದು ಮತ್ತೆ ಅಳೆದೆ. ಸರಾಸರಿ ಹಿಂದಿನದೇ, 0.07. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇರಲಿಲ್ಲ. ಕೂದಲಿನ ದಪ್ಪವನ್ನು ನಿರ್ಧರಿಸುವ ಕೇಶಕೂಪ ಚರ್ಮದೊಳಗೆ ಕೆಲವು ಮಿಲಿಮೀಟರ್ ಆಳದಲ್ಲಿದೆ. ಕತ್ತಿ ತಾಗುವುದು ಹೊರಗಿರುವ ನಿರ್ಜೀವ ಎಳೆಗೆ ಮಾತ್ರ. ಅದನ್ನು ಎಲ್ಲಿ ಕತ್ತರಿಸಿದರೂ ಒಳಗಿನ ಕೇಶಕೂಪಕ್ಕೆ ಸುದ್ದಿ ಮುಟ್ಟಿಸುವ ನರವಾಗಲಿ ರಕ್ತನಾಳವಾಗಲಿ ಆ ಎಳೆಯಲ್ಲಿ ಇಲ್ಲ. 1970ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಐವರು ಯುವಕರ ಒಂದು ಕಾಲನ್ನು ವಾರಕ್ಕೊಮ್ಮೆ ಬೋಳಿಸಿ, ಇನ್ನೊಂದನ್ನು ಹಾಗೆಯೇ ಬಿಟ್ಟು ಹಲವು ತಿಂಗಳು ನೋಡಿದಾಗಲೂ ಕೂದಲಿನ ದಪ್ಪದಲ್ಲಿ ಅಥವಾ ಬೆಳೆಯುವ ವೇಗದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಆದರೆ ಅತ್ತೆಯವರು ನನ್ನ ತಲೆ ಸವರಿ "ನೋಡು, ಎಷ್ಟು ಗಡುಸಾಗಿದೆ" ಎಂದದ್ದೂ ಸುಳ್ಳಲ್ಲ. ಎಂದೂ ಕತ್ತರಿಸದ ಕೂದಲಿಗೆ ಕ್ರಮೇಣ ಚೂಪಾಗುವ ಮೃದುವಾದ ತುದಿ ಇರುತ್ತದೆ. ಕತ್ತಿ ಅದನ್ನು ತೆಗೆದು, ಪೂರ್ಣ ದಪ್ಪದ ಮೊಂಡು ತುದಿಯನ್ನು ಬಿಡುತ್ತದೆ. ಇದಕ್ಕಿಂತ ಹೆಚ್ಚಿನ ಪಾತ್ರ ಉದ್ದದ್ದು. ಒಂದು ಕಡ್ಡಿಯ ಬಾಗುವಿಕೆ ಅದರ ಉದ್ದದ ಘನಕ್ಕೆ ಅನುಗುಣವಾಗಿರುವುದರಿಂದ, ಅದೇ ಒತ್ತಡಕ್ಕೆ 2 ಮಿಲಿಮೀಟರ್ ಕೂದಲು 2 ಸೆಂಟಿಮೀಟರ್ ಕೂದಲಿಗಿಂತ ಸಾವಿರ ಪಟ್ಟು ಕಡಿಮೆ ಬಾಗುತ್ತದೆ. ಅಂಗೈಗೆ ಚುಚ್ಚಿದ್ದು ಆ ಬಿಗುವೇ ಹೊರತು ದಪ್ಪವಲ್ಲ. ಬಿಸಿಲಿಗೆ ಬಣ್ಣಗುಂದಿದ ಭಾಗ ಹೋಗಿದ್ದರಿಂದ ಹೊಸ ಕೂದಲು ಹೆಚ್ಚು ಕಪ್ಪಾಗಿಯೂ ಕಂಡಿತು.

ಅತ್ತೆಯವರನ್ನು ಒಪ್ಪಿಸುವುದು ಕಷ್ಟವಾದದ್ದು ಇನ್ನೊಂದು ಕಾರಣಕ್ಕೆ: ಮುಡಿ ಕೊಟ್ಟ ಮೇಲೆ ನನ್ನ ಕೂದಲು ನಿಜಕ್ಕೂ ಒತ್ತಾಯಿತು. ತೀವ್ರ ಜ್ವರ ಬಂದಾಗ ಬಹಳಷ್ಟು ಕೇಶಕೂಪಗಳು ಬೆಳವಣಿಗೆ ನಿಲ್ಲಿಸಿ ವಿಶ್ರಾಂತಿಯ ಹಂತಕ್ಕೆ ಹೋಗುತ್ತವೆ, ಆ ಕೂದಲು ಎರಡು ಮೂರು ತಿಂಗಳ ನಂತರ ಒಟ್ಟಿಗೆ ಉದುರುತ್ತದೆ. ಅದೇ ಕೇಶಕೂಪಗಳು ಬಳಿಕ ತಾವಾಗಿ ಮತ್ತೆ ಬೆಳೆಯತೊಡಗುತ್ತವೆ. ಉದುರುವುದು ಜೋರಾಗಿದ್ದಾಗಲೇ ಜನ ತಲೆ ಬೋಳಿಸುವುದರಿಂದ, ಹೇಗಿದ್ದರೂ ಆಗಬೇಕಿದ್ದ ಚೇತರಿಕೆಯ ಶ್ರೇಯ ಕತ್ತಿಗೆ ಸಲ್ಲುತ್ತದೆ. ಕೂಸಿನ ಜವಳ ತೆಗೆಸಿದಾಗಲೂ ಇದೇ ಆಗುತ್ತದೆ: ಹುಟ್ಟುಗೂದಲು ಉದುರಿ ವಯಸ್ಸಿಗೆ ತಕ್ಕಂತೆ ದಪ್ಪ ಕೂದಲು ಬರುವ ಕಾಲವೂ ಜವಳದ ಕಾಲವೂ ಹತ್ತಿರ ಹತ್ತಿರವೇ.

ಉದುರುವಿಕೆ ಆರು ತಿಂಗಳು ದಾಟಿಯೂ ನಿಲ್ಲದಿದ್ದರೆ ರಕ್ತದಲ್ಲಿನ ಕಬ್ಬಿಣದ ಅಂಶವನ್ನೂ ಥೈರಾಯ್ಡ್ ಅನ್ನೂ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಬೈತಲೆ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತ, ಅಲ್ಲಿ ದಪ್ಪ ಕೂದಲುಗಳ ನಡುವೆ ನವಿರಾದ ಎಳೆಗಳು ಹೆಚ್ಚುತ್ತಿದ್ದರೆ ಅದು ಕೇಶಕೂಪಗಳೇ ಕುಗ್ಗುತ್ತಿರುವ ಬೇರೆ ತೊಂದರೆ. ಬೋಳಿಸಿದರೆ ಆ ಗುರುತು ಕೆಲವು ತಿಂಗಳು ಮರೆಯಾಗಿ, ಚರ್ಮವೈದ್ಯರ ಬಳಿ ಹೋಗುವುದು ಅಷ್ಟು ತಡವಾಗುತ್ತದೆ.